ಕ್ರಿಪ್ಟೊ ನಷ್ಟ 2,000 ಪೌಂಡ್ ಬದಲು 200 ಮಾತ್ರ ಏಕೆ?

“ಬ್ರಿಟನ್‌ನಲ್ಲಿದ್ದೇನೆ. 6,000 ಪೌಂಡಿಗೆ ಕೊಂಡಿದ್ದ 2 ಈಥರ್‌ಗಳನ್ನು ತೆರಿಗೆ ಇಳಿಸಲೆಂದೇ 4,000ಕ್ಕೆ ಮಾರಿ, 10 ದಿನಗಳ ನಂತರ 4,200ಕ್ಕೆ ಮತ್ತೆ ಕೊಂಡೆ. ತಂತ್ರಾಂಶ 200 ಪೌಂಡ್ ನಷ್ಟವನ್ನಷ್ಟೇ ತೋರಿಸುತ್ತಿದೆ. ಏಕೆ?”

ತಂತ್ರಾಂಶ ಸರಿಯಾಗಿಯೇ ಇದೆ. ನೀವು ಅನುಸರಿಸಿದ್ದು ಬಹುಶಃ ಅಮೆರಿಕದವರ ಸಲಹೆ. ಅಲ್ಲಿ ಮಾರಿದ ಕೂಡಲೇ ಮತ್ತೆ ಕೊಂಡರೆ ನಷ್ಟವನ್ನು ತಡೆಹಿಡಿಯುವ ನಿಯಮ ಷೇರುಗಳಂಥ ಹೂಡಿಕೆಪತ್ರಗಳಿಗಿದೆ. ಆಸ್ತಿಯೆಂದು ಪರಿಗಣಿಸುವ ಕ್ರಿಪ್ಟೊಗೆ ಅದು ಇದುವರೆಗೆ ಅನ್ವಯಿಸಿಲ್ಲ. ಬ್ರಿಟನ್‌ನಲ್ಲಿ ಹಾಗಲ್ಲ. ಮಾರಿದ 30 ದಿನಗಳೊಳಗೆ ಅದೇ ನಾಣ್ಯವನ್ನು ಕೊಂಡರೆ, ಮಾರಾಟಕ್ಕೆ ಹಳೆಯ ಬೆಲೆಯನ್ನಲ್ಲ, ಈ ಹೊಸ ಖರೀದಿಯ ಬೆಲೆಯನ್ನು ಜೋಡಿಸುತ್ತಾರೆ. 4,000ದಲ್ಲಿ 4,200 ಕಳೆದರೆ ಉಳಿಯುವುದು 200ರ ನಷ್ಟ.

ಉಳಿದ ನಷ್ಟ ಎಲ್ಲಿಯೂ ಹೋಗಿಲ್ಲ. ನಿಮ್ಮ ಬಳಿಯಿರುವ 2 ಈಥರ್‌ಗಳ ವೆಚ್ಚ ಲೆಕ್ಕದಲ್ಲಿ ಇನ್ನೂ 6,000 ಎಂದೇ ಇದೆ.

ಮೊದಲು, ಮಾರಿದ ದಿನ ಮತ್ತು ಮುಂದಿನ 30 ದಿನಗಳಲ್ಲಿ ಬೇರೆ ಈಥರ್ ಖರೀದಿ ಇದೆಯೇ ನೋಡಿ. ಇದ್ದರೆ ಲೆಕ್ಕ ಬದಲಾಗಬಹುದು. ಆಮೇಲೆ, ಬೆಲೆ ಇನ್ನೂ ಕೆಳಗಿದ್ದರೆ, ತೆರಿಗೆ ವರ್ಷ ಮುಗಿಯುವ ಏಪ್ರಿಲ್ 5ರೊಳಗೆ ಮತ್ತೊಮ್ಮೆ ಮಾರಿ, 30 ದಿನ ಪೂರ್ತಿ ಈಥರ್ ಮುಟ್ಟಬೇಡಿ. ಅಷ್ಟು ದಿನ ಮಾರುಕಟ್ಟೆಯಿಂದ ಹೊರಗಿರಲು ಭಯವಾದರೆ ಬಿಟ್‌ಕಾಯಿನ್ ಕೊಳ್ಳಬಹುದು, ನಿಯಮ ಒಂದೊಂದು ನಾಣ್ಯಕ್ಕೂ ಪ್ರತ್ಯೇಕ. ಕೊನೆಗೆ ನಷ್ಟವನ್ನು ತೆರಿಗೆ ವಿವರಪತ್ರದಲ್ಲಿ ದಾಖಲಿಸಿ. ತೆರಿಗೆ ವರ್ಷ ಮುಗಿದು ನಾಲ್ಕು ವರ್ಷಗಳೊಳಗೆ ತಿಳಿಸದಿದ್ದರೆ ಅದು ಕೈತಪ್ಪುತ್ತದೆ.

ಭಾರತದಲ್ಲಿ ತೆರಿಗೆ ಕಟ್ಟುವ ಬಂಧುಗಳಿಗೆ ಮಾತ್ರ ಈ ಉಪಾಯ ಹೇಳಬೇಡಿ. ಅಲ್ಲಿ ಲಾಭಕ್ಕೆ 30% ತೆರಿಗೆ, ಒಂದು ನಾಣ್ಯದ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯಲೂ ಬಿಡುವುದಿಲ್ಲ.