ಜಂಬಿಟ್ಟಿಗೆ ಗುಂಡಿಯಲ್ಲಿ ಕಾಣೆಯಾದ ಕಾಲವಿದೆಯೇ?

ಪ್ರಶ್ನೆ: ನಮ್ಮೂರು ಸಾಗರದ ಹತ್ತಿರ. ಜಂಬಿಟ್ಟಿಗೆ ಕಲ್ಲು ತೆಗೆದ ಗುಂಡಿಯಲ್ಲಿ ಮೇಲೆ ಕೆಂಪು ಕಲ್ಲು, ಕೆಳಗೆ ಶೇಡಿ ಮಣ್ಣು, ತಳದಲ್ಲಿ ಕಪ್ಪು-ಬಿಳಿ ಪಟ್ಟೆಯ ಗಟ್ಟಿ ಬಂಡೆ ಇದೆ. ಭೂವಿಜ್ಞಾನ ಓದುವ ಮಗಳು ‘ಇವುಗಳ ನಡುವೆ ಕೋಟ್ಯಂತರ ವರ್ಷ ಕಾಣೆಯಾಗಿದೆ, ಇದು ನಾನ್‌ಕನ್ಫರ್ಮಿಟಿ’ ಅನ್ನುತ್ತಾಳೆ. ಹೌದಾ? ಇದರ ಉಳಿದ ಬಗೆಗಳು ಎಲ್ಲಿ ಸಿಗುತ್ತವೆ?

ಉತ್ತರ: ನಿಮ್ಮ ಗುಂಡಿಯಲ್ಲಿ ಇರುವುದು ಬಹುಶಃ ನಾನ್‌ಕನ್ಫರ್ಮಿಟಿ ಅಲ್ಲ. ನಾನ್‌ಕನ್ಫರ್ಮಿಟಿ ಅಂದರೆ ಆಳದಲ್ಲಿ ಹುಟ್ಟಿದ ಗ್ರಾನೈಟ್, ನೈಸ್‌ನಂಥ ಬಂಡೆ ಹೊರಬಿದ್ದು ಸವೆದ ಮೇಲೆ, ಅದರ ಮೇಲೆ ಹೊಸ ಪದರ ಬಂದು ಕೂತಿರುವುದು. ಮಗಳ ಅನುಮಾನ ಸಹಜವೇ, ಯಾಕೆಂದರೆ ಕೆಳಗಿನದು ತುಂಬಾ ಹಳೆಯ ನೈಸ್ ಬಂಡೆ, ಮೇಲಿನ ಜಂಬಿಟ್ಟಿಗೆ ಅದಕ್ಕೆ ಹೋಲಿಸಿದರೆ ತೀರಾ ಎಳೆಯದು. ಆದರೆ ಮಲೆನಾಡಿನ ಜಂಬಿಟ್ಟಿಗೆ ಬಹಳ ಕಡೆ ಹೊರಗಿನಿಂದ ಬಂದು ಕೂತದ್ದಲ್ಲ. ಕೆಳಗಿನ ಬಂಡೆಯೇ ಮಳೆನೀರಿಗೆ ಕೊಳೆತು ಮೊದಲು ಶೇಡಿ ಮಣ್ಣಾಗಿ, ಮೇಲ್ಭಾಗದಲ್ಲಿ ಕಬ್ಬಿಣ, ಅಲ್ಯೂಮಿನಿಯಂ ಉಳಿದು ಕೆಂಪು ಕಲ್ಲಾಗಿದೆ. ಮೇಲಿನದೂ ಕೆಳಗಿನದೂ ಒಂದೇ ಬಂಡೆ. ನಡುವೆ ಹೊಸ ಪದರ ಬಂದು ಬಿದ್ದಿಲ್ಲ.

ಪರೀಕ್ಷೆ ಸುಲಭ. ಗುಂಡಿಯ ಗೋಡೆಯಲ್ಲಿ ಬಿಳಿ ಬೆಣಚುಕಲ್ಲಿನ ಒಂದು ಎಳೆ ಹುಡುಕಿ. ಬೆಣಚು ಸುಲಭಕ್ಕೆ ಕೊಳೆಯುವುದಿಲ್ಲ. ಆ ಎಳೆ ಗಟ್ಟಿ ಬಂಡೆಯಿಂದ ಹೊರಟು ಶೇಡಿ ಮಣ್ಣನ್ನು ದಾಟಿ, ಚೂರುಚೂರಾಗಿಯಾದರೂ, ಕೆಂಪು ಕಲ್ಲಿನವರೆಗೆ ಹೋದರೆ ಅದು ನಿಂತಲ್ಲೇ ಕೊಳೆತ ಬಂಡೆ. ಎಳೆ ಥಟ್ಟನೆ ಕಡಿದು, ಅದೇ ಮಟ್ಟದಲ್ಲಿ ನೀರು ಉರುಳಿಸಿದ ದುಂಡು ಕಲ್ಲುಗಳ ಸಾಲು ಸಿಕ್ಕರೆ ಮಗಳು ಹೇಳಿದ್ದು ಸರಿ: ಅಲ್ಲಿ ಹಳೆಯ ನೆಲ ಸವೆದು, ಮೇಲೆ ಬೇರೆಯದು ಬಂದು ಬಿದ್ದಿದೆ.

ನಿಜವಾದ ನಾನ್‌ಕನ್ಫರ್ಮಿಟಿ ನೋಡಬೇಕಾದರೆ ಮಲೆನಾಡಿನಲ್ಲೇ ಒಂದು ಒಳ್ಳೆಯ ಜಾಗವಿದೆ. ಬಾಬಾಬುಡನ್ ಬೆಟ್ಟಸಾಲಿನ ಬುಡದಲ್ಲಿ, ಚಿಕ್ಕಮಗಳೂರಿನ ಕಡೆ, ಗ್ರಾನೈಟ್ ಮತ್ತು ನೈಸ್ ಮೇಲೆ ಬೆಣಚಿನ ಉರುಟು ಕಲ್ಲುಗಳು ಒತ್ತಿಕೊಂಡು ಗಟ್ಟಿಯಾದ ಪದರ ಕೂತಿದೆ. ಇಂಥ ಕಲ್ಲಿಗೆ ಕಾಂಗ್ಲೊಮರೇಟ್ ಅನ್ನುತ್ತಾರೆ. ಅದರ ಮೇಲೆ ಮರಳುಗಲ್ಲು, ಲಾವಾ ಪದರಗಳು. ಗ್ರಾನೈಟ್ ಹುಟ್ಟುವುದು ನೆಲದಡಿ ಕೆಲವು ಕಿಲೋಮೀಟರ್ ಆಳದಲ್ಲಿ. ಹೊಳೆಯ ಕಲ್ಲು ಅದರ ಮೇಲೆ ಬಂದು ಕೂರಬೇಕಾದರೆ ನಡುವಿನ ಅಷ್ಟೂ ಬಂಡೆ ಮೊದಲು ಸವೆದು ಹೋಗಿರಬೇಕು. ಗ್ರಾನೈಟಿಗೆ ಸುಮಾರು 315 ಕೋಟಿ ವರ್ಷ, ಮೇಲಿನ ಹಳೆಯ ಲಾವಾಕ್ಕೆ ಸುಮಾರು 290 ಕೋಟಿ. ಅಳತೆಯಲ್ಲೇ ಕೆಲವು ಕೋಟಿ ಆಚೀಚೆ ಆಗುತ್ತದೆ. ಆದರೂ ನಡುವಿನ ಇಪ್ಪತ್ತು ಕೋಟಿಗಿಂತ ಜಾಸ್ತಿ ವರ್ಷಗಳಿಗೆ ಆ ಜಾಗದಲ್ಲಿ ಈ ಕಾಂಗ್ಲೊಮರೇಟ್, ಮರಳುಗಲ್ಲು ಬಿಟ್ಟರೆ ಬೇರೆ ಪದರ ಉಳಿದಿಲ್ಲ.

ಆ ಕಾಲದಲ್ಲಿ ನಡೆದದ್ದರ ಗುರುತು ಕಾಂಗ್ಲೊಮರೇಟಿನೊಳಗೇ ಇದೆ. ಗ್ರಾನೈಟಿನಲ್ಲಿ ಬೆಣಚಿಗಿಂತ ಫೆಲ್ಡ್‌ಸ್ಪಾರ್ ಖನಿಜವೇ ಜಾಸ್ತಿ, ಇಲ್ಲಿನ ಕಲ್ಲುಗಳಲ್ಲಿ ಮಾತ್ರ ಹೆಚ್ಚುಕಡಿಮೆ ಎಲ್ಲವೂ ಬೆಣಚು. ಅಂದರೆ ಮಿಕ್ಕದ್ದೆಲ್ಲ ಕೊಳೆತು ತೊಳೆದುಹೋಗಿದೆ. ಉರುಟು ಕಲ್ಲುಗಳ ಸಂದಿನಲ್ಲಿ ಹೊಳೆ ತಂದ ಪೈರೈಟ್ ಎಂಬ ಕಬ್ಬಿಣ-ಗಂಧಕದ ಖನಿಜದ ಕಾಳುಗಳೂ ಇವೆ. ಇಂದಿನ ಹೊಳೆಯಲ್ಲಿ ಪೈರೈಟ್ ತುಕ್ಕು ಹಿಡಿದು ಬೇಗ ಕರಗುತ್ತದೆ. ಅಂದಿನ ಗಾಳಿಯಲ್ಲಿ ಆಮ್ಲಜನಕ ಇಲ್ಲವೆನ್ನುವಷ್ಟು ಕಡಿಮೆ ಇದ್ದದ್ದರಿಂದ ಅವು ಉಳಿದುಕೊಂಡವು.

ಇಲ್ಲೊಂದು ಎಚ್ಚರ ಬೇಕು. ಗ್ರಾನೈಟ್ ಕೆಳಗಿದೆ ಅಂದ ಮಾತ್ರಕ್ಕೆ ಅದೇ ಹಳೆಯದು ಎಂದಲ್ಲ. ಅದು ಆಮೇಲೆ ಕರಗಿದ ರೂಪದಲ್ಲಿ ಒಳನುಗ್ಗಿರಲೂಬಹುದು. ಹಾಗಾಗಿದ್ದರೆ ಮೇಲಿನ ಪದರ ಅಂಚಿನಲ್ಲಿ ಶಾಖಕ್ಕೆ ಬದಲಾಗಿರುತ್ತದೆ, ಗ್ರಾನೈಟಿನ ಕವಲುಗಳು ಅದರೊಳಗೆ ಚಾಚಿರುತ್ತವೆ. ನಾನ್‌ಕನ್ಫರ್ಮಿಟಿಯಲ್ಲಿ ಇದು ತಿರುವುಮುರುವು: ಗ್ರಾನೈಟ್ ಸವೆದ ಚೂರುಗಳು ಮೇಲಿನ ಪದರದಲ್ಲಿ ಸಿಗುತ್ತವೆ.

ಆಂಗ್ಯುಲರ್ ಅನ್‌ಕನ್ಫರ್ಮಿಟಿ ಅಂದರೆ ಕೆಳಗಿನ ಪದರಗಳು ವಾಲಿ, ಸವೆದ ಮೇಲೆ ಹೊಸ ಪದರಗಳು ಅವುಗಳ ತಲೆಯ ಮೇಲೆ ಬೇರೆ ಕೋನದಲ್ಲಿ ಕೂತಿರುವುದು. ಇದಕ್ಕೆ ನೀವು ಬಾದಾಮಿ ಕಡೆ ಹೋಗುವುದು ಒಳ್ಳೆಯದು. ಅಲ್ಲಿನ ಮರಳುಗಲ್ಲು ಬಹುಪಾಲು ಮಟ್ಟಸವಾಗಿದೆ, ಅದರಡಿಯ ಬಾಗಲಕೋಟೆ ಗುಂಪಿನ ಪದರಗಳು ಮಡಿಚಿ ವಾಲಿವೆ. ಮಲೆನಾಡಿನ ಹಳೆಯ ಪದರಗಳು ಆಮೇಲೂ ಮಡಿಚಿಕೊಂಡಿವೆ, ಸಂದಿನಲ್ಲಿ ಜಾರಿಯೂ ಇವೆ. ಹಾಗಾಗಿ ಇಲ್ಲಿ ಬರೀ ಕೋನ ನೋಡಿ ತೀರ್ಮಾನ ಮಾಡಿದರೆ ಮೋಸ ಹೋಗುತ್ತೇವೆ.

ಡಿಸ್‌ಕನ್ಫರ್ಮಿಟಿಯಲ್ಲಿ ಸವೆದ ಮಟ್ಟದ ಮೇಲೂ ಕೆಳಗೂ ಪದರಗಳು ಒಂದಕ್ಕೊಂದು ಸಮಾನಾಂತರ. ಕಣ್ಣಿಗೆ ಎಲ್ಲ ಸುಮ್ನೆ ಒಂದರ ಮೇಲೊಂದು ಬಿದ್ದ ಹಾಗೇ ಕಾಣುತ್ತದೆ, ಕಾಲ ಮಾತ್ರ ಹಾರಿಹೋಗಿರುತ್ತದೆ. ಬೇರೆ ಕಡೆ ಪ್ರಾಣಿಗಳ ಪಳೆಯುಳಿಕೆ ನೋಡಿ ಇದನ್ನು ಹಿಡಿಯುತ್ತಾರೆ. ನಮ್ಮ ಬಂಡೆಗಳು ಪ್ರಾಣಿಗಳಿಗಿಂತ ಎಷ್ಟೋ ಹಳೆಯವು ಅಲ್ವಾ, ಆ ದಾರಿ ಮುಚ್ಚಿದೆ. ಉಳಿದದ್ದು ಸವೆತದ ಗುರುತು, ಇಲ್ಲವೇ ಜಿರ್ಕಾನ್ ಎಂಬ ಖನಿಜದ ವಯಸ್ಸು. ಅದರಲ್ಲೂ ಒಂದು ತೊಡಕಿದೆ. ಮರಳುಗಲ್ಲಿನ ಜಿರ್ಕಾನ್ ಕಾಳು ಎಲ್ಲಿಂದಲೋ ಹರಿದು ಬಂದದ್ದು, ಪದರ ಅದಕ್ಕಿಂತ ಎಷ್ಟು ಎಳೆಯದು ಎಂದು ಅದು ಹೇಳುವುದಿಲ್ಲ. ಕಾಣೆಯಾದ ಕಾಲವನ್ನು ಸರಿಯಾಗಿ ಅಳೆಯಬೇಕಾದರೆ ಆ ಮಟ್ಟದ ಮೇಲೂ ಕೆಳಗೂ ಒಂದೊಂದು ಲಾವಾ ಅಥವಾ ಜ್ವಾಲಾಮುಖಿ ಬೂದಿಯ ಪದರ ಸಿಗಬೇಕು.