ಮೂರನೇ ಸ್ಥಾನದಲ್ಲಿದ್ದರೂ ಕ್ಲಿಕ್ ಬಾರದ ಪುಟ

"ಗೂಗಲ್‌ನಲ್ಲಿ ನನ್ನ ಪುಟಗಳು ಮೇಲೆಯೇ ಬರುತ್ತವೆ, ಇಂಪ್ರೆಶನ್ ಸಾವಿರಗಟ್ಟಲೆ ಇದೆ, ಕ್ಲಿಕ್ ಮಾತ್ರ ಇಲ್ಲ. ಎಲ್ಲ ಟೈಟಲ್‌ಗಳನ್ನೂ ಆಕರ್ಷಕವಾಗಿ ಬದಲಿಸಿದರೆ ಸರಿಹೋಗುತ್ತಾ?"

ದಯವಿಟ್ಟು ಬೇಡ. ನಾನು ಅದನ್ನೇ ಮಾಡಿ ಪೆಟ್ಟು ತಿಂದಿದ್ದೇನೆ.

ಶಿರಸಿ ಹತ್ತಿರ ನಮ್ಮದೊಂದು ಹೋಂಸ್ಟೇ ಇದೆ. ಅದರ ಸೈಟಿನಲ್ಲಿ ಸುತ್ತಲಿನ ಜಾಗಗಳ ಬಗ್ಗೆ ಬರೆಯುತ್ತೇನೆ. ಸಹಸ್ರಲಿಂಗದ ಪುಟಕ್ಕೆ 3 ತಿಂಗಳಲ್ಲಿ 9,000 ಇಂಪ್ರೆಶನ್ ಬಂದಿತ್ತು, ಅಂದರೆ ಹುಡುಕಾಟದ ಫಲಿತಾಂಶದಲ್ಲಿ ಅಷ್ಟು ಸಲ ಕಾಣಿಸಿಕೊಂಡಿತ್ತು. ಸರಾಸರಿ ಸ್ಥಾನ 3. ಕ್ಲಿಕ್ ಬರೀ 70. "ಸಹಸ್ರಲಿಂಗ, ಶಿರಸಿ" ಅನ್ನುವ ಟೈಟಲ್ ಸಪ್ಪೆ ಅನಿಸಿ, "ಶಾಲ್ಮಲೆಯ ಮಡಿಲಲ್ಲೊಂದು ಅಚ್ಚರಿ" ಎಂದು ಬದಲಿಸಿದೆ. ಅದೇ ದಿನ ಇನ್ನೂ 20 ಪುಟಗಳ ಟೈಟಲ್ ತಿದ್ದಿದೆ.

ಒಂದು ತಿಂಗಳಲ್ಲಿ ಆ ಪುಟ 9ನೇ ಸ್ಥಾನಕ್ಕೆ ಇಳಿಯಿತು. ಕಾರಣ ಆಮೇಲೆ ಹೊಳೆಯಿತು. ಜನ ಟೈಪ್ ಮಾಡುತ್ತಿದ್ದದ್ದೇ "ಸಹಸ್ರಲಿಂಗ" ಮತ್ತು "ಶಿರಸಿ". ಆ ಎರಡೂ ಪದಗಳನ್ನು ನಾನೇ ಟೈಟಲಿನಿಂದ ಕಿತ್ತಿದ್ದೆ. ಪುಟ ಯಾವುದರ ಬಗ್ಗೆ ಎಂದು ಗೂಗಲ್ ತಿಳಿಯುವುದು ಟೈಟಲಿನಿಂದಲೂ ಹೌದು. ಹುಡುಕುವವರ ಕಣ್ಣು ಕೂಡ ತಾವು ಬರೆದ ಪದವನ್ನೇ ಅರಸುತ್ತದೆ. ಅಚ್ಚರಿ ಯಾರಿಗೆ ಬೇಕಿತ್ತು? ಹಳೆಯ ಟೈಟಲ್‌ಗಳನ್ನು ಬರೆದಿಟ್ಟುಕೊಂಡಿರಲಿಲ್ಲ, ತಿದ್ದಿದ ದಿನಾಂಕವೂ ಇರಲಿಲ್ಲ. 21 ಪುಟಗಳಲ್ಲಿ ಯಾವುದು ಏಕೆ ಬಿತ್ತು ಎಂದು ಹೇಳಲೇ ಆಗಲಿಲ್ಲ.

ಎರಡನೇ ಸಲ ಒಂದೇ ಪುಟ ಹಿಡಿದೆ. ಸೈಟಿನ ಹುಡುಕಾಟದ ಲೆಕ್ಕ ತೋರಿಸುವ ಗೂಗಲ್‌ನ ಸರ್ಚ್ ಕನ್ಸೋಲ್‌ನಲ್ಲಿ Average CTR ಮತ್ತು Average position ಎರಡನ್ನೂ ಆನ್ ಮಾಡಿ. CTR ಅಂದರೆ ಕಾಣಿಸಿದ 100 ಸಲಕ್ಕೆ ಎಷ್ಟು ಕ್ಲಿಕ್ ಬಂತು ಅನ್ನುವುದು. Pages ಪಟ್ಟಿಯಲ್ಲಿ ಆ ಪುಟದ ಮೇಲೆ ಒತ್ತಿ, ನಂತರ Queries, ಅಂದರೆ ಜನ ಹುಡುಕಿದ ಪ್ರಶ್ನೆಗಳನ್ನು ನೋಡಿ. ಉತ್ತರ ಇರುವುದು ಇಲ್ಲೇ. ನಾನು ಮೊದಲ ಸಲ ಇದನ್ನು ತೆರೆದೇ ಇರಲಿಲ್ಲ. ಪುಟದ ಸರಾಸರಿ ಸ್ಥಾನ ಹತ್ತಾರು ಪ್ರಶ್ನೆಗಳ ಕಲಬೆರಕೆ, ಅದೊಂದನ್ನೇ ನಂಬಬೇಡಿ.

ನನ್ನ ಪುಟದಲ್ಲಿ ಎರಡು ಗುಂಪು ಕಂಡವು. ಒಂದು, ಶಿರಸಿಯಿಂದ ಎಷ್ಟು ದೂರ ಅನ್ನುವುದು. ಅದಕ್ಕೆ ಗೂಗಲ್ ತಾನೇ ಮೇಲೆ ಉತ್ತರ ತೋರಿಸುತ್ತದೆ, ಟೈಟಲ್ ಎಷ್ಟೇ ತಿದ್ದಿದರೂ ಹೆಚ್ಚು ಕ್ಲಿಕ್ ಬರುವುದಿಲ್ಲ. ಅದನ್ನು ಬಿಟ್ಟೆ. ಇನ್ನೊಂದು, ಮಳೆಗಾಲದಲ್ಲಿ ಹೋಗಬಹುದಾ ಅನ್ನುವುದು. ಆ ಉತ್ತರ ನನ್ನ ಪುಟದ ತಳದಲ್ಲೆಲ್ಲೋ ಇತ್ತು.

ಹೊಸ ಟೈಟಲ್: "ಸಹಸ್ರಲಿಂಗ, ಶಿರಸಿ: ಮಳೆಗಾಲದಲ್ಲಿ ಲಿಂಗಗಳು ಕಾಣುತ್ತವಾ?" ಕೆಳಗಿನ ವಿವರಣೆ: "ಶಾಲ್ಮಲಾ ನದಿ ತುಂಬಿದಾಗ ಲಿಂಗಗಳು ನೀರಿನಡಿ ಇರುತ್ತವೆ. ಯಾವಾಗ ಬಂದರೆ ಚೆನ್ನಾಗಿ ಕಾಣುತ್ತವೆ, ಶಿವರಾತ್ರಿಯ ಜನಜಂಗುಳಿ ಹೇಗಿರುತ್ತದೆ, ಇಲ್ಲಿದೆ." ಗೂಗಲ್ ಎಷ್ಟೋ ಸಲ ನಮ್ಮ ವಿವರಣೆ ಬಿಟ್ಟು ಪುಟದಿಂದಲೇ ಸಾಲು ಎತ್ತಿಕೊಳ್ಳುತ್ತದೆ. ಹಾಗಾಗಿ ಅದೇ ಉತ್ತರವನ್ನು ಮೊದಲ ಪ್ಯಾರಾದಲ್ಲೂ ಬರೆದೆ.

4 ವಾರ ಮುಟ್ಟಲಿಲ್ಲ. ಹಿಂದಿನ ತಿಂಗಳಿಗೆ ಹೋಲಿಸಲೂ ಇಲ್ಲ, ಏಕೆಂದರೆ ನಮ್ಮ ಕಡೆ ಮಳೆ ಶುರುವಾದರೆ ಹುಡುಕುವವರೇ ಬೇರೆ. ಸರ್ಚ್ ಕನ್ಸೋಲ್ 16 ತಿಂಗಳ ಲೆಕ್ಕ ಇಡುತ್ತದೆ, ಹೋದ ವರ್ಷದ ಅದೇ ತಿಂಗಳ ಜೊತೆ, ಆ ಮಳೆಗಾಲದ ಪ್ರಶ್ನೆಯನ್ನಷ್ಟೇ ಇಟ್ಟು ನೋಡಿದೆ. ಸ್ಥಾನ ಮತ್ತೆ 3ಕ್ಕೆ ಬಂದಿತ್ತು. 100 ಜನಕ್ಕೆ ಒಬ್ಬರೂ ಒತ್ತದ ಜಾಗದಲ್ಲಿ 5 ಜನ ಒತ್ತುತ್ತಿದ್ದರು.