ಕೂಗದಿದ್ದರೆ ಸಲಿಗೆಯೇ?

“ಮಗನಿಗೆ ಹದಿನೈದು, ಹತ್ತನೇ ಕ್ಲಾಸು. ಮೊಬೈಲ್ ಇಡು ಅಂದರೆ ‘ಆಯಿ, ನಿಂಗೆಂತ ಗೊತ್ತಿದ್ದು, ಸುಮ್ನಿರು’ ಅಂತ ಕೂಗಿ ಬಾಗಿಲು ಬಡಿಯುತ್ತಾನೆ. ನಾನು ತಿರುಗಿ ಕೂಗುವುದಿಲ್ಲ. ನೀನೇ ಸಲಿಗೆ ಕೊಟ್ಟು ಹಾಳು ಮಾಡಿದ್ದು ಅನ್ನುತ್ತಾರೆ ನಮ್ಮವರು. ಯಾರು ಸರಿ?”
– ಓದುಗರು, ಶಿರಸಿ

ನಿಮ್ಮ ಯಜಮಾನರ ಮಾತಿನಲ್ಲಿ ಹುರುಳಿಲ್ಲ ಅಂತಲ್ಲ, ಮನೆಗೊಂದು ಕಟ್ಟು ಬೇಕು. ಆದರೆ ಕಟ್ಟು ಇರುವುದು ದನಿಯಲ್ಲಿ ಅಂತ ಯಾರು ಹೇಳಿದರು?

ಅಮೆರಿಕದ ಒರೆಗಾನ್‌ನಲ್ಲಿ ಜೆರಾಲ್ಡ್ ಪ್ಯಾಟರ್ಸನ್ ಅನ್ನುವ ಮನಶ್ಶಾಸ್ತ್ರಜ್ಞರಿದ್ದರು. ಮನೆಯೊಳಗಿನ ಜಗಳ ಹೇಗೆ ಏರುತ್ತದೆ ಅಂತ ವರ್ಷಗಟ್ಟಲೆ ನೋಡಿದವರು. ಮಗ ಕೂಗುತ್ತಾನೆ, ತಾಯಿ ಸಾಕಾಗಿ ‘ಏನಾದರೂ ಮಾಡ್ಕೋ’ ಅನ್ನುತ್ತಾಳೆ. ಕೂಗಿದರೆ ಕೆಲಸ ಆಗುತ್ತದೆ ಅಂತ ಮಗ ಕಲಿತ. ಇನ್ನೊಂದು ದಿನ ಅಪ್ಪ ಗದರುತ್ತಾರೆ, ಮಗ ಬಾಯಿ ಮುಚ್ಚುತ್ತಾನೆ. ಅದೇ ಪಾಠ ಈಗ ಅಪ್ಪನೂ ಕಲಿತರು! ಮುಂದಿನ ಸಲ ಇಬ್ಬರೂ ಒಂದು ಮೆಟ್ಟಿಲು ಮೇಲಿನಿಂದಲೇ ಶುರು ಮಾಡುತ್ತಾರೆ. ಹಾಗಾಗಿ ನೀವು ಕೂಗದಿರುವುದು ಸರಿ, ಆದರೆ ಕೂಗದೆ ಸೋತುಬಿಟ್ಟರೆ ಅದೂ ಕೂಗಿಗೆ ಸಿಕ್ಕ ಬಹುಮಾನವೇ. ಇದನ್ನು ನೀವು ಪತ್ರದಲ್ಲಿ ಬರೆದಿಲ್ಲ ನೋಡಿ: ಬಾಗಿಲು ಬಡಿದ ಮೇಲೆ ಮೊಬೈಲ್ ಯಾರ ಕೈಯಲ್ಲಿತ್ತು?

ಕಾರವಾರದ ನನ್ನ ಪರಿಚಯದವರೊಬ್ಬರು ಮಾಡಿದ್ದು ಹೇಳುತ್ತೇನೆ. ಮಗಳು ಊಟದ ಹೊತ್ತಿಗೆ ಹೀಗೇ ಹಾರಾಡಿದಳು. ಅವರು ದನಿ ತಗ್ಗಿಸಿ, “ನಿಂಗೆ ಸಿಟ್ಟು ಬಂದಿದೆ, ಗೊತ್ತಾಯ್ತು. ಆ ಮಾತು ಮಾತ್ರ ಬೇಡ. ಒಂಬತ್ತಕ್ಕೆ ಮಾತಾಡೋಣ” ಅಂದರು, ಅಷ್ಟೇ. ಕೋಣೆಯ ತನಕ ಹಿಂದೆ ಹೋಗಲಿಲ್ಲ, ಹೋದ ವರ್ಷದ ಮಾರ್ಕ್ಸ್ ಎಳೆದು ತರಲಿಲ್ಲ. ಏರಿದ ಎದೆಬಡಿತ ಇಳಿಯಲು ಅರ್ಧ ಗಂಟೆಯಾದರೂ ಬೇಕಾಗಬಹುದು, ಅಲ್ಲಿಯವರೆಗೆ ಬುದ್ಧಿವಾದ ಯಾರ ಕಿವಿಗೂ ಇಳಿಯುವುದಿಲ್ಲ. ಒಂಬತ್ತಕ್ಕೆ ಸರಿಯಾಗಿ ಕೂತರು, ಮೊದಲು ಅವಳು ಹೇಳುವುದನ್ನು ಪೂರ್ತಿ ಕೇಳಿದರು. ಗೆಳತಿಯರ ಗುಂಪಿನಲ್ಲಿ ಯಾರೋ ಅವಳನ್ನು ಗೇಲಿ ಮಾಡಿದ್ದರಂತೆ, ಅವಳು ಉತ್ತರ ಬರೆಯುತ್ತಿದ್ದ ಹೊತ್ತಿಗೇ ಇವರು ಕರೆದದ್ದು. ಪಾಪ ಅನ್ನಿಸಿತು, ಆದರೂ ರಾತ್ರಿ ಹತ್ತಕ್ಕೆ ಮೊಬೈಲ್ ಹಾಲ್‌ನಲ್ಲಿ ಅನ್ನುವ ನಿಯಮ ಹಾಗೇ ಉಳಿಯಿತು.

ಮೊದಲ ಕೆಲವು ದಿನ ಕೂಗು ಜಾಸ್ತಿಯೇ ಆಗಬಹುದು. ಹಳೆಯ ಉಪಾಯ ಕೆಲಸ ಮಾಡದಿದ್ದಾಗ ಮಕ್ಕಳು ಅದನ್ನೇ ಇನ್ನೂ ಜೋರಾಗಿ ಮಾಡಿ ನೋಡುತ್ತಾರೆ, ಆಗಲೇ ತಾಯಂದಿರು ಕೈಚೆಲ್ಲುವುದು. ಮತ್ತೆ, ಮೂರು ದಿನ ಮುಖ ಊದಿಸಿಕೊಂಡು ಮಾತು ಬಿಡುವುದಕ್ಕೆ ಶಾಂತಿ ಅಂತ ಹೆಸರಿಡಬೇಡಿ. ಹೊಡೆತ, ಒಡೆದು ಹಾಕುವುದು, ಸಾಯುತ್ತೇನೆ ಅನ್ನುವ ಮಾತು ಬಂದರೆ ಇದು ಸಾಲದು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ.

ಇನ್ನು, ಈ ಮಕ್ಕಳು ನಿದ್ದೆ ಮಾಡುವುದು ಯಾವಾಗ ಹೇಳಿ? ಆ ವಯಸ್ಸಿಗೆ ಎಂಟರಿಂದ ಹತ್ತು ಗಂಟೆ ಬೇಕು, ನಾವು ಐದಕ್ಕೇ ಎಬ್ಬಿಸಿ ಟ್ಯೂಷನ್‌ಗೆ ಅಟ್ಟುತ್ತೇವೆ. ಜಾತ್ರೆಗೆ ಬಂದ ನೆಂಟರೂ ಆಸರಿ ಕುಡಿಯುವ ಮೊದಲೇ ‘ಎಷ್ಟು ಪರ್ಸೆಂಟ್’ ಅಂತ ಕೇಳುತ್ತಾರೆ. ಅವರಿಗೆ ಯಾರೂ ಸಲಿಗೆ ಜಾಸ್ತಿಯಾಯಿತು ಅನ್ನುವುದಿಲ್ಲ, ಅಲ್ವಾ?